ಸೆಕೆಗೂ ಝಳಕ್ಕೂ ನಡುವೆ ಒಂದು ಲೋಟ ತಣ್ಣೀರು

ಮೇ ತಿಂಗಳ ಮಧ್ಯಾಹ್ನ ಮಂಗಳೂರಿನಲ್ಲಿ ಉಷ್ಣಾಂಶ 33 ಡಿಗ್ರಿ ಇರುತ್ತದೆ, ಕಲಬುರಗಿಯಲ್ಲಿ 41. ಎಂಟು ಡಿಗ್ರಿ ಕಡಿಮೆಯಿದ್ದರೂ ಬೆವರಿ ತೊಪ್ಪೆಯಾಗುವವರು ಮಂಗಳೂರಿನವರೇ. ಅಂಗಿ ಬೆನ್ನಿಗೆ ಅಂಟಿರುತ್ತದೆ, ಫ್ಯಾನಿನ ಕೆಳಗೆ ಕೂತರೂ ಕುತ್ತಿಗೆ ಒಣಗುವುದಿಲ್ಲ. ಕಲಬುರಗಿಯಲ್ಲಿ ಮುಖಕ್ಕೆ ಕಾವಲಿಯ ಕಾವು ಹೊಡೆದ ಹಾಗಾಗುತ್ತದೆ, ತುಟಿ ಒಡೆಯುತ್ತದೆ, ಅಂಗಿ ಮಾತ್ರ ಒಣಗಿಯೇ ಇರುತ್ತದೆ. ಕರಾವಳಿಯವರು ತಮ್ಮದನ್ನು ಸೆಕೆ ಎನ್ನುತ್ತಾರೆ, ಬಯಲುಸೀಮೆಯವರು ತಮ್ಮದನ್ನು ಝಳ ಎನ್ನುತ್ತಾರೆ. ಎರಡೂ ಬೇರೆ ಬೇರೆ ಎಂಬುದು ಭಾಷೆಗೆ ಮೊದಲೇ ಗೊತ್ತಿತ್ತು. ಗೊಂದಲ ಹುಟ್ಟಿದ್ದು ಹವಾಮಾನ ವರದಿಯಲ್ಲಿ 'ಆರ್ದ್ರತೆ ಶೇ. ಇಷ್ಟು' ಎಂಬ ಸಾಲು ಸೇರಿಕೊಂಡ ಮೇಲೆ.

ಆ ಸಾಲಿನ ತೊಂದರೆ ಏನೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಜನವರಿಯ ಬೆಳಗ್ಗೆ ಬೆಂಗಳೂರಿನಲ್ಲಿ 16 ಡಿಗ್ರಿ, ಆರ್ದ್ರತೆ ಶೇ. 85 ಎಂದಿಟ್ಟುಕೊಳ್ಳಿ. ಮೇ ಮಧ್ಯಾಹ್ನ ಕಲಬುರಗಿಯಲ್ಲಿ 41 ಡಿಗ್ರಿ, ಆರ್ದ್ರತೆ ಶೇ. 20. ಅಂಕಿ ನೋಡಿದರೆ ಬೆಂಗಳೂರಿನ ಗಾಳಿಯಲ್ಲಿ ನಾಲ್ಕು ಪಟ್ಟು ನೀರಿದೆ ಎನಿಸುತ್ತದೆ. ಲೆಕ್ಕ ಹಾಕಿದರೆ ಎರಡೂ ಕಡೆ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರಾವಿ ಸುಮಾರು 11 ಗ್ರಾಂ. ಬೆಂಗಳೂರಿನ ಆ ಚುಮುಚುಮು ಬೆಳಗಿನ ಗಾಳಿಯನ್ನು ಹಾಗೇ ಹಿಡಿದು, ಹನಿ ನೀರನ್ನೂ ಕೂಡಿಸದೆ ಕಳೆಯದೆ 41 ಡಿಗ್ರಿಗೆ ಕಾಯಿಸಿದರೆ ಸಿಗುವುದು ಕಲಬುರಗಿಯ ಝಳವೇ.

ಏಕೆಂದರೆ ಆರ್ದ್ರತೆ ಎಂದು ಪತ್ರಿಕೆಯಲ್ಲಿ ಬರುವುದು ಸಾಪೇಕ್ಷ ಆರ್ದ್ರತೆ. ಈಗ ಇರುವ ಆವಿ, ಈ ಉಷ್ಣಾಂಶದಲ್ಲಿ ಗರಿಷ್ಠ ಇರಬಹುದಾದ ಆವಿಯ ಶೇಕಡಾ ಎಷ್ಟು ಎಂಬುದನ್ನು ಅದು ಹೇಳುತ್ತದೆ. ಆ ಗರಿಷ್ಠವಾದರೋ ಒಂದು ಕಡೆ ನಿಲ್ಲುವುದಲ್ಲ. 20 ಡಿಗ್ರಿಯಲ್ಲಿ ಘನ ಮೀಟರಿಗೆ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ. ಬಟ್ಟಲು ದೊಡ್ಡದಾಗುತ್ತ ಹೋದರೆ ಅದೇ ನೀರು ಕಾಲು ಬಟ್ಟಲಾಗಿ ಕಾಣುತ್ತದೆ. (ಗಾಳಿ ಬಟ್ಟಲಿನ ಹಾಗೆ ನೀರನ್ನು 'ಹಿಡಿದುಕೊಳ್ಳುತ್ತದೆ' ಎನ್ನುವುದು ಮಾತಿನ ಅನುಕೂಲಕ್ಕೆ ಅಷ್ಟೇ. ಗಾಳಿಯೇ ಇಲ್ಲದಿದ್ದರೂ ಆವಿಯ ಈ ಮಿತಿ ಹೆಚ್ಚುಕಡಿಮೆ ಇಷ್ಟೇ ಇರುತ್ತಿತ್ತು. ಅದನ್ನು ನಿರ್ಧರಿಸುವುದು ಉಷ್ಣಾಂಶ.)

ಒಂದೇ ಊರಿನಲ್ಲೂ ಈ ಆಟ ದಿನವಿಡೀ ನಡೆಯುತ್ತದೆ. ಮಂಗಳೂರಿನಲ್ಲಿ ಬೆಳಗ್ಗೆ ಆರಕ್ಕೆ 26 ಡಿಗ್ರಿ, ಆರ್ದ್ರತೆ ಶೇ. 93. ಮಧ್ಯಾಹ್ನ ಎರಡಕ್ಕೆ 33 ಡಿಗ್ರಿ, ಶೇ. 62. 'ಮಧ್ಯಾಹ್ನಕ್ಕೆ ಗಾಳಿ ಒಣಗಿತು' ಎಂದು ಯಾರಾದರೂ ಹೇಳಿದರೆ ಮಂಗಳೂರಿನವರು ನಕ್ಕಾರು. ಅವರ ನಗು ಸರಿ. ಬೆಳಗ್ಗೆ ಇದ್ದ ಆವಿ ಮಧ್ಯಾಹ್ನವೂ ಅಷ್ಟೇ ಇದೆ, ಏರಿದ್ದು ಬಿಸಿಲು. ಎರಡೂ ಹೊತ್ತಿನಲ್ಲಿ ಕದಲದೆ ನಿಂತಿರುವ ಸಂಖ್ಯೆ ಇನ್ನೊಂದಿದೆ: 24.7 ಡಿಗ್ರಿ. ಅದೇ ಇಬ್ಬನಿ ಬಿಂದು.

ಇರುವ ಗಾಳಿಯನ್ನು ತಣಿಸುತ್ತ ಹೋದರೆ ಯಾವ ಉಷ್ಣಾಂಶದಲ್ಲಿ ಅದರೊಳಗಿನ ಆವಿ ನೀರಾಗಿ ಕೂರಲು ಶುರುಮಾಡುತ್ತದೋ ಅದು ಇಬ್ಬನಿ ಬಿಂದು. ಹೆಸರು ಕೇಳಿ ಚಳಿಗಾಲದ ಹುಲ್ಲಿಗೆ ಸಂಬಂಧಿಸಿದ್ದು ಎಂದುಕೊಳ್ಳಬೇಡಿ. ಮೇ ತಿಂಗಳ ಮಜ್ಜಿಗೆ ಲೋಟದ ಹೊರಮೈಯಲ್ಲಿ ಇಳಿಯುವ ನೀರೂ ಅದೇ. ಇದನ್ನು ಮನೆಯಲ್ಲೇ ಅಳೆಯಬಹುದು. ಉಪಕರಣ ಹೆಚ್ಚೇನೂ ಬೇಡ. ತೆಳು ತಗಡಿನ ಹೊಳೆಯುವ ಸ್ಟೀಲ್ ಲೋಟ, ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್, ಒಂದು ಚಮಚ, ಸ್ವಲ್ಪ ಐಸ್ ಸಾಕು.

ಲೋಟದ ಹೊರಮೈಯನ್ನು ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಬೆರಳಿನ ಜಿಡ್ಡಿದ್ದರೆ ಮಂಜು ಕೂತದ್ದು ಗೊತ್ತಾಗುವುದಿಲ್ಲ. ಅರ್ಧ ಲೋಟ ಮಾಮೂಲಿ ನೀರು ಹಾಕಿ, ಐಸನ್ನು ಬಟಾಣಿ ಗಾತ್ರಕ್ಕೆ ಪುಡಿಮಾಡಿ ಒಂದೊಂದೇ ಚೂರು ಬಿಡುತ್ತ, ಬಿಡದೆ ಕಲಕುತ್ತ ಇರಿ. ನೀರು ನಿಮಿಷಕ್ಕೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಯಬಾರದು. ಹೊರಮೈಯಲ್ಲಿ ಹೊಳಪು ಮಂಕಾದ ಕ್ಷಣ ಥರ್ಮಾಮೀಟರ್ ಓದಿಕೊಳ್ಳಿ. ಅನುಮಾನವಿದ್ದರೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ, ಗೆರೆ ಮಿಂಚಿದರೆ ಮಂಜು ಕೂತಿದೆ ಎಂದರ್ಥ. ಅಲ್ಲಿಗೆ ಐಸ್ ನಿಲ್ಲಿಸಿ, ಕಲಕುವುದನ್ನು ಮುಂದುವರಿಸಿ. ನೀರು ನಿಧಾನ ಬಿಸಿಯಾಗುತ್ತ ಬಂದು ಮಂಕು ಮಾಯವಾದಾಗ ಇನ್ನೊಮ್ಮೆ ಓದಿ. ಮೊದಲನೆಯದು 24.2, ಎರಡನೆಯದು 25.2 ಬಂದರೆ ನಡುವಿನ 24.7 ನಿಮ್ಮ ಉತ್ತರ. ಕೂರುವಾಗ ಸ್ವಲ್ಪ ತಡವಾಗಿ ಕಾಣುತ್ತದೆ, ಹೋಗುವಾಗ ಸ್ವಲ್ಪ ಹೊತ್ತು ಉಳಿಯುತ್ತದೆ. ಸರಾಸರಿ ಈ ಎರಡು ತಪ್ಪನ್ನೂ ಒಂದಕ್ಕೊಂದು ವಜಾ ಮಾಡುತ್ತದೆ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಹತ್ತಿರದಿಂದ ನೋಡುವ ಆಸೆಯಲ್ಲಿ ಲೋಟದ ಮೇಲೆ ಉಸಿರು ಬಿಡುವುದು. ನಮ್ಮ ಉಸಿರಿನ ಇಬ್ಬನಿ ಬಿಂದು 30 ಡಿಗ್ರಿಗೂ ಮೇಲಿರುತ್ತದೆ, ಅದು ತಾಗಿದರೆ ಲೋಟ ತನ್ನಷ್ಟಕ್ಕೆ ಮಂಕಾಗುತ್ತದೆ. ಕೈಯಳತೆ ದೂರದಿಂದ ನೋಡಬೇಕು. ಎರಡು, ಐಸಿನ ಗಟ್ಟಿಯೇ ಗೋಡೆಗೆ ತಾಗಿ ನಿಲ್ಲುವುದು. ಆಗ ಆ ಜಾಗ ಮಾತ್ರ ತಣ್ಣಗಾಗಿ ಅಲ್ಲೇ ಮಂಜು ಕೂರುತ್ತದೆ, ನೀರಿನ ಥರ್ಮಾಮೀಟರ್ ಬೇರೇನೋ ಹೇಳುತ್ತಿರುತ್ತದೆ. ಕಲಬುರಗಿಯ 41 ಡಿಗ್ರಿಯಲ್ಲಿ ಇದೇ ಪ್ರಯೋಗ ಮಾಡಿದರೆ ನೀರು 13 ಡಿಗ್ರಿಯ ಹತ್ತಿರಕ್ಕೆ ಇಳಿಯುವವರೆಗೆ ಲೋಟ ಥಳಥಳ ಹೊಳೆಯುತ್ತಲೇ ಇರುತ್ತದೆ. ಮಂಗಳೂರಿನಲ್ಲಿ ಬೇಕಾಗುವುದು ಸ್ವಲ್ಪವೇ ಐಸ್, ಅಲ್ಲಿ ಒಂದು ಹಿಡಿ.

ಕನ್ನಡಕ ಹಾಕುವವರಿಗೆ ಲೋಟವೂ ಬೇಡ. ಮಂಗಳೂರಿನಲ್ಲಿ ಎಸಿ ಕಾರಿನಿಂದ ಇಳಿದ ಕೂಡಲೇ ಗಾಜು ಮಬ್ಬಾಗುತ್ತದೆ, ಏಕೆಂದರೆ 22 ಡಿಗ್ರಿಗೆ ತಣಿದ ಗಾಜು ಹೊರಗಿನ ಇಬ್ಬನಿ ಬಿಂದುವಿಗಿಂತ ಕೆಳಗಿದೆ. ಕಲಬುರಗಿಯಲ್ಲಿ ಇಳಿದರೆ ಮಬ್ಬಾಗುವುದಿಲ್ಲ.

ಇನ್ನು ಚರ್ಮದ ಮಾತು. ಬೆವರು ತಂಪು ಕೊಡುವುದು ಸುರಿದಾಗ ಅಲ್ಲ, ಆರಿದಾಗ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಮೈಯಿಂದ ಕಿತ್ತುಕೊಂಡು ಹೋಗುತ್ತದೆ. ಸುಮ್ಮನೆ ಕೂತ ದೇಹ ಹೊರಹಾಕಬೇಕಾದ ಶಾಖ ಸುಮಾರು 100 ವಾಟ್, ಒಂದು ಹಳೇ ಬಲ್ಬಿನಷ್ಟು. ಅದನ್ನೆಲ್ಲ ಬೆವರೊಂದೇ ಹೊತ್ತೊಯ್ಯಬೇಕಾದರೂ ಗಂಟೆಗೆ 150 ಮಿಲಿಲೀಟರ್ ಆರಿದರೆ ಸಾಕು, ಒಂದು ಸಣ್ಣ ಲೋಟ. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಹನಿ ಮಾತ್ರ ಲೆಕ್ಕಕ್ಕಿಲ್ಲ. ಅದು ದಂಡ.

ಬೆವರು ಎಷ್ಟು ಬೇಗ ಆರುತ್ತದೆ ಎಂಬುದನ್ನು ತೀರ್ಮಾನಿಸುವುದು ಎರಡು ಒತ್ತಡಗಳ ನಡುವಿನ ಅಂತರ. ಬಿಸಿಯಾದ ಚರ್ಮ ಹತ್ತಿರತ್ತಿರ 35 ಡಿಗ್ರಿ ಇರುತ್ತದೆ. ಅದರ ಮೇಲಿನ ಒದ್ದೆಯಿಂದ ಏಳುವ ಆವಿಯ ಒತ್ತಡ 56 ಮಿಲಿಬಾರ್. ಎದುರಿಗೆ ಗಾಳಿಯಲ್ಲಿ ಆಗಲೇ ಇರುವ ಆವಿಯ ಒತ್ತಡ. ಮಂಗಳೂರಿನಲ್ಲಿ ಅದು 31, ಕಲಬುರಗಿಯಲ್ಲಿ ಹದಿನೈದೂವರೆ. ಅಂದರೆ ಒಂದು ಕಡೆ 25ರ ಇಳಿಜಾರು, ಇನ್ನೊಂದು ಕಡೆ 40ರ ಇಳಿಜಾರು. ಗಾಳಿ ಒಂದೇ ವೇಗದಲ್ಲಿ ಬೀಸಿದರೂ ಕಲಬುರಗಿಯಲ್ಲಿ ಬೆವರು ಒಂದೂವರೆ ಪಟ್ಟು ಬೇಗ ಆರುತ್ತದೆ. ಗಾಳಿಯ ಆವಿಯ ಒತ್ತಡವನ್ನು ನೇರವಾಗಿ ತೋರಿಸುವುದು ಇಬ್ಬನಿ ಬಿಂದು, ಶೇಕಡಾವಾರು ಅಲ್ಲ. ಚರ್ಮದ ಉಷ್ಣಾಂಶ ಊರಿಂದೂರಿಗೆ ಅಷ್ಟೇನೂ ಬದಲಾಗದ ಕಾರಣ, ಅಂಟಂಟು ಎಷ್ಟಿರುತ್ತದೆ ಎಂಬುದು ಇಬ್ಬನಿ ಬಿಂದುವೊಂದರಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ.

15ಕ್ಕಿಂತ ಕೆಳಗಿದ್ದರೆ ಹೆಚ್ಚಿನವರಿಗೆ ಗಾಳಿ ಹಗುರ. 20 ದಾಟಿದರೆ ಅಂಟು ಗಮನಕ್ಕೆ ಬರುತ್ತದೆ, 24 ದಾಟಿದರೆ ಫ್ಯಾನಿಲ್ಲದೆ ಕೂರುವುದು ಕಷ್ಟ. ಈ ಗೆರೆಗಳನ್ನು ತೀರ ಗಟ್ಟಿಯಾಗಿ ಹಿಡಿಯಬೇಡಿ. ಹುಟ್ಟಿನಿಂದ ಕರಾವಳಿಯಲ್ಲಿ ಇದ್ದವರಿಗೆ 22 ಎಂದರೆ ತಂಗಾಳಿಯ ದಿನ. ಅದೇ 22 ಬೆಂಗಳೂರಿನವರಿಗೆ ಗೊಣಗಾಟ.

ಬಯಲುಸೀಮೆಗೂ ಸೆಕೆ ಬರುತ್ತದೆ, ಮುಂಗಾರು ಬಾಗಿಲಿಗೆ ಬಂದು ನಿಂತಾಗ. ಮೋಡ ಕಟ್ಟಿ ಕಲಬುರಗಿಯ ಉಷ್ಣಾಂಶ 41ರಿಂದ 36ಕ್ಕೆ ಇಳಿದಿದೆ, ಆರ್ದ್ರತೆ ಶೇ. 45 ಎಂದಿರಲಿ. 45 ಎಂದರೆ ಅರ್ಧಕ್ಕಿಂತ ಕಡಿಮೆ, ಒಣ ಹವೆ ಎನಿಸುತ್ತದೆ. ಇಬ್ಬನಿ ಬಿಂದು ನೋಡಿದರೆ 22! ಬೆವರಿನ ಇಳಿಜಾರು 40ರಿಂದ 29ಕ್ಕೆ ಕುಸಿದಿದೆ. ಐದು ಡಿಗ್ರಿ ಕಡಿಮೆಯಾದ ದಿನವೇ ಜನ 'ಇವತ್ತ ಭಾಳ ಕುದಿ' ಎಂದು ಟವೆಲ್ ಬೀಸಿಕೊಳ್ಳುವುದು ಇದಕ್ಕೇ.

ಹಾಗೆಂದು ಇಬ್ಬನಿ ಬಿಂದುವೇ ಸರ್ವಸ್ವ ಎಂದರೆ ಮೋಸ ಹೋಗುತ್ತೇವೆ. ಮಂಗಳೂರಿನ ಜೂನ್ ತಿಂಗಳನ್ನೇ ನೋಡಿ. ಮಳೆ ಹಿಡಿದ ಮಧ್ಯಾಹ್ನ 27 ಡಿಗ್ರಿ, ಇಬ್ಬನಿ ಬಿಂದು ಮೇ ತಿಂಗಳಲ್ಲಿದ್ದ 24-25ರಲ್ಲೇ ಇದೆ. ಆದರೂ ಸೆಕೆ ಹೋಗಿರುತ್ತದೆ. ಗಾಳಿ ಚರ್ಮಕ್ಕಿಂತ ಏಳೆಂಟು ಡಿಗ್ರಿ ತಂಪಾಗಿರುವಾಗ ಮೈಯ ಶಾಖ ಬೆವರಿನ ಹಂಗಿಲ್ಲದೆ ನೇರವಾಗಿ ಹೊರಹೋಗುತ್ತದೆ, ಬೆವರಲು ಕಾರಣವೇ ಇರುವುದಿಲ್ಲ. ಬಟ್ಟೆ ಮಾತ್ರ ಮೂರು ದಿನವಾದರೂ ಒಣಗದು, ಏಕೆಂದರೆ ಹಗ್ಗದ ಮೇಲಿನ ಬಟ್ಟೆ 35 ಡಿಗ್ರಿಯ ಚರ್ಮವಲ್ಲ. ಅದು ಗಾಳಿಯಷ್ಟೇ ತಂಪು, ಅದಕ್ಕೆ ಸಿಗುವ ಇಳಿಜಾರು ಬಹಳ ಸಣ್ಣದು. ಬಟ್ಟೆ, ಹಪ್ಪಳ, ಗೋಡೆಯ ಬೂಸ್ಟು, ಅಡಿಕೆ ಇವುಗಳ ವಿಷಯಕ್ಕೆ ಬಂದರೆ ಶೇಕಡಾವಾರು ಆರ್ದ್ರತೆಯೇ ಸರಿಯಾದ ಅಳತೆ. ಬಿಸಿ ಮೈಗೆ ಮಾತ್ರ ಅದು ಹೊಂದುವುದಿಲ್ಲ.

ಇನ್ನೊಂದು ಕಡೆಯ ಮೋಸ ಹೆಚ್ಚು ಅಪಾಯದ್ದು. ಕಲಬುರಗಿಯಲ್ಲಿ ಅಂಗಿ ಒಣಗಿದೆ ಎಂದರೆ ಬೆವರುತ್ತಿಲ್ಲ ಎಂದಲ್ಲ. 41 ಡಿಗ್ರಿಯ ಗಾಳಿ ಚರ್ಮಕ್ಕಿಂತ ಬಿಸಿ, ಅದು ಮೈಗೇ ಶಾಖ ತುಂಬುತ್ತಿರುತ್ತದೆ. ಅದನ್ನೂ ಸೇರಿಸಿ ಹೊರಹಾಕಲು ದೇಹ ಮಂಗಳೂರಿಗಿಂತ ಹೆಚ್ಚೇ ಬೆವರಬಹುದು. ಹನಿಗಟ್ಟುವ ಮೊದಲೇ ಆರಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಸಂಜೆ ಕಪ್ಪು ಅಂಗಿಯ ಬೆನ್ನಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ದಿನವಿಡೀ ಎಷ್ಟು ನೀರು ಹೋಯಿತು ಎಂಬುದಕ್ಕೆ ಅದೇ ರಸೀದಿ. ಅಂಟಿಲ್ಲ ಎಂಬುದನ್ನು ಆರಾಮ ಎಂದು ತಿಳಿದು ನೀರು ಕುಡಿಯದೆ ಕೂತವರೇ ತಲೆ ಸುತ್ತಿ ಬೀಳುವುದು.

ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲಿ ಇಬ್ಬನಿ ಬಿಂದು ಸಾಮಾನ್ಯವಾಗಿ ಆರ್ದ್ರತೆಯ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಉಷ್ಣಾಂಶ, ಆರ್ದ್ರತೆ ಎರಡರಿಂದ ಲೆಕ್ಕ ಹಾಕಬಹುದು. ಒಂದು ಬಾಯಿಲೆಕ್ಕ ಚಾಲ್ತಿಯಲ್ಲಿದೆ: ಆರ್ದ್ರತೆ ನೂರಕ್ಕೆ ಎಷ್ಟು ಕಡಿಮೆಯೋ ಅದನ್ನು ಐದರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯುವುದು. ಮಂಗಳೂರಿಗೆ 38 ಭಾಗಿಸು 5, ಅಂದರೆ 7.6, 33ರಲ್ಲಿ ಕಳೆದರೆ 25.4. ಸರಿಯುತ್ತರ 24.7, ಪರವಾಗಿಲ್ಲ. ಕಲಬುರಗಿಗೆ ಅದೇ ಲೆಕ್ಕ ಹಾಕಿದರೆ 80 ಭಾಗಿಸು 5, 16. 41ರಲ್ಲಿ ಕಳೆದರೆ 25. ಸರಿಯುತ್ತರ 13.5! ಝಳದ ಊರನ್ನು ಈ ಲೆಕ್ಕ ಸೆಕೆಯ ಊರಾಗಿಸಿಬಿಡುತ್ತದೆ. ಆರ್ದ್ರತೆ ಶೇ. 50ಕ್ಕಿಂತ ಕೆಳಗಿದ್ದರೆ ಬಾಯಿಲೆಕ್ಕ ಮರೆತು ಈ ಸೂತ್ರ ಬಳಸಿ:

```
g  = ln(RH/100) + 17.62*T/(243.12+T)
Td = 243.12*g/(17.62-g)
```

ಇಲ್ಲಿ `T` ಉಷ್ಣಾಂಶ, `RH` ಆರ್ದ್ರತೆ, `Td` ಇಬ್ಬನಿ ಬಿಂದು. `T` ಜಾಗದಲ್ಲಿ 33, `RH` ಜಾಗದಲ್ಲಿ 62 ಹಾಕಿದರೆ `g` 1.628 ಬರುತ್ತದೆ, `Td` 24.7. ಕ್ಯಾಲ್ಕುಲೇಟರಿನಲ್ಲಿ `ln` ಬದಲು `log` ಒತ್ತುವುದು ಎಲ್ಲರೂ ಮಾಡುವ ತಪ್ಪು. ಉತ್ತರ ಊಹೆಗೆ ಮೀರಿ ಎತ್ತರವಿದ್ದರೆ ಅಲ್ಲೇ ಹುಡುಕಿ.

ಸೂತ್ರ ಸರಿಯಿದ್ದರೂ ಅದಕ್ಕೆ ಕೊಡುವ ಅಂಕಿಗಳು ಒಂದೇ ಹೊತ್ತಿನವಾಗಿರಬೇಕು. ಹವಾಮಾನ ಇಲಾಖೆಯ ವರದಿಗಳಲ್ಲಿ ಆರ್ದ್ರತೆ ಬರುವುದು ಸಾಮಾನ್ಯವಾಗಿ ಬೆಳಗ್ಗೆ 8.30 ಮತ್ತು ಸಂಜೆ 5.30ರ ಅಳತೆಯಾಗಿ. ಗರಿಷ್ಠ ಉಷ್ಣಾಂಶ ಮಧ್ಯಾಹ್ನದ್ದು. ಎರಡನ್ನೂ ಅಕ್ಕಪಕ್ಕ ಅಚ್ಚುಹಾಕಿದ ಸುದ್ದಿಯಲ್ಲಿ '34 ಡಿಗ್ರಿ, ಆರ್ದ್ರತೆ ಶೇ. 95' ಎಂದು ಓದಿ ಗಾಬರಿಯಾಗುವವರಿದ್ದಾರೆ. ಎರಡೂ ಒಟ್ಟಿಗೆ ನಿಜವಾಗಿದ್ದರೆ ಇಬ್ಬನಿ ಬಿಂದು 33 ಆಗುತ್ತಿತ್ತು. 2003ರ ಜುಲೈ 8ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಳೆದ 35 ಡಿಗ್ರಿಯನ್ನು ಲೋಕದಲ್ಲೇ ಅತಿ ಹೆಚ್ಚಿನ ಇಬ್ಬನಿ ಬಿಂದು ಎಂದು ಎಣಿಸುತ್ತಾರೆ, ಅದೂ ಕಾದ ಬಾಣಲೆಯಂಥ ಪರ್ಷಿಯನ್ ಕೊಲ್ಲಿಯ ನೀರಿನ ಪಕ್ಕದಲ್ಲಿ. ನಮ್ಮ ಕರಾವಳಿ ಅಲ್ಲಿಯವರೆಗೆ ಹೋಗುವುದಿಲ್ಲ. ಶೇ. 95 ಬೆಳಗಿನದು, 34 ಮಧ್ಯಾಹ್ನದ್ದು, ಅಷ್ಟೇ.

ಈ ವ್ಯತ್ಯಾಸಕ್ಕೆ ದುಡ್ಡು ತೆರುವ ಜಾಗ ಎಂದರೆ ಕೂಲರ್ ಮತ್ತು ಎಸಿ. ಹುಲ್ಲಿನ ಪ್ಯಾಡಿಗೆ ನೀರು ಸುರಿಸಿ ಗಾಳಿ ಎಳೆಯುವ ಕೂಲರ್, ಗಾಳಿಯನ್ನು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶದ ಕಡೆಗೆ ಇಳಿಸುತ್ತದೆ. ಪೂರ್ತಿ ಅಲ್ಲ, ಮುಕ್ಕಾಲು ದಾರಿ. ಕಲಬುರಗಿಯ 41ರಲ್ಲಿ ಆ ಒದ್ದೆ ಉಷ್ಣಾಂಶ 23ರ ಆಸುಪಾಸು. ಹದಿನೆಂಟರಲ್ಲಿ ಮುಕ್ಕಾಲು ಕಳೆದರೆ ಹೊರಬರುವ ಗಾಳಿ 27 ಡಿಗ್ರಿ ಚಿಲ್ಲರೆ. ಮಂಗಳೂರಿನ 33ರಲ್ಲಿ ಒದ್ದೆ ಉಷ್ಣಾಂಶವೇ 27, ಇಳಿಯುವುದು ನಾಲ್ಕೂವರೆ ಡಿಗ್ರಿ ಮಾತ್ರ, ಜೊತೆಗೆ ಇಬ್ಬನಿ ಬಿಂದು 26 ದಾಟುತ್ತದೆ. ದುಡ್ಡು ಕೊಟ್ಟು ಸೆಕೆ ತಂದ ಹಾಗೆ. ಕಲಬುರಗಿಯಲ್ಲೂ ಕೂಲರನ್ನು ಕೋಣೆಯೊಳಗಿಟ್ಟು ಕಿಟಕಿ ಮುಚ್ಚಿದರೆ ಗಂಟೆಯೊಳಗೆ ಅದೇ ಗತಿ. ಒಮ್ಮೆ ಒದ್ದೆಯಾದ ಗಾಳಿಯೇ ಮತ್ತೆ ಪ್ಯಾಡಿಗೆ ಹೋಗುತ್ತದೆ, ಮೈ ಅಂಟುತ್ತದೆ, ಹಾಸಿಗೆ ಹಸಿಯಾಗುತ್ತದೆ. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಎದುರು ಕಿಟಕಿಯೋ ಬಾಗಿಲೋ ಒಂದು ಗೇಣಾದರೂ ತೆರೆದಿರಬೇಕು.

ಎಸಿ ಕೆಲಸ ತಿರುಗುಮುರುಗು. ಅದರ ಒಳಗಿನ ಕಾಯಿಲ್ 10 ಡಿಗ್ರಿಯ ಹತ್ತಿರ ಇರುತ್ತದೆ, ಅಂದರೆ ಮಂಗಳೂರಿನ ಇಬ್ಬನಿ ಬಿಂದುವಿಗಿಂತ ಬಹಳ ಕೆಳಗೆ. ಆವಿ ಅದರ ಮೇಲೆ ನೀರಾಗಿ ಕೂತು ಪೈಪಿನಲ್ಲಿ ಹೊರಗೆ ಇಳಿಯುತ್ತದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗಾಳಿಯಲ್ಲಿ ಮಂಗಳೂರಿನಲ್ಲಿ ಮುಕ್ಕಾಲು ಲೀಟರ್ ನೀರು ಆವಿಯಾಗಿ ತೇಲುತ್ತಿರುತ್ತದೆ, ಬಾಗಿಲ ಸಂದಿಯಿಂದ ಹೊಸದು ಬರುತ್ತಲೇ ಇರುತ್ತದೆ. ಇದನ್ನು ತೆಗೆಯಲು ಕಂಪ್ರೆಸರ್ ಬಹಳ ಹೊತ್ತು ಓಡಬೇಕು. ಇಷ್ಟು ಸಣ್ಣ ಕೋಣೆಗೆ ಎರಡು ಟನ್ನಿನ ಸಾದಾ ಎಸಿ ಹಾಕಿಸಿದರೆ ಹತ್ತು ನಿಮಿಷದಲ್ಲಿ ಉಷ್ಣಾಂಶ ಇಳಿದು ಕಂಪ್ರೆಸರ್ ನಿಲ್ಲುತ್ತದೆ, ಫ್ಯಾನ್ ಮಾತ್ರ ತಿರುಗುತ್ತ ಕಾಯಿಲ್ ಮೇಲಿನ ನೀರನ್ನು ಮತ್ತೆ ಕೋಣೆಗೇ ಊದುತ್ತದೆ. ಚಳಿ ಚಳಿ, ಆದರೂ ಅಂಟು. ಜನ ಆಗ 18ಕ್ಕೆ ಇಳಿಸುತ್ತಾರೆ. ರಿಮೋಟಿನ ಡ್ರೈ ಮೋಡ್ ಇರುವುದು ಈ ಹೊತ್ತಿಗೇ: ಫ್ಯಾನನ್ನು ನಿಧಾನ ಮಾಡಿ, ಗಾಳಿ ಕಾಯಿಲ್ ಮೇಲೆ ಹೆಚ್ಚು ಹೊತ್ತು ನಿಲ್ಲುವ ಹಾಗೆ ಮಾಡುತ್ತದೆ. ಇಬ್ಬನಿ ಬಿಂದು 15ರ ಹತ್ತಿರ ಬಂದರೆ 26-27 ಡಿಗ್ರಿಯಲ್ಲೂ ಸೀಲಿಂಗ್ ಫ್ಯಾನ್ ಹಾಕಿಕೊಂಡು ಸುಖವಾಗಿ ನಿದ್ದೆ ಬರುತ್ತದೆ.

ಕಲಬುರಗಿಯಲ್ಲಿ ಇನ್ನೊಂದು ಪೇಚಾಟವಿದೆ. ಮಾರ್ಚ್-ಏಪ್ರಿಲ್‌ನ ಕೆಲವು ಮಧ್ಯಾಹ್ನ ಇಬ್ಬನಿ ಬಿಂದು ಕಾಯಿಲ್‌ನ ಉಷ್ಣಾಂಶಕ್ಕಿಂತಲೂ ಕೆಳಗಿಳಿದಿರುತ್ತದೆ. ಆಗ ಎಸಿ ಕೋಣೆಯನ್ನು ತಣ್ಣಗೆ ಇಡುತ್ತದೆ, ಪೈಪಿನಿಂದ ಮಾತ್ರ ಒಂದು ಹನಿಯೂ ಬೀಳುವುದಿಲ್ಲ. 'ನೀರೇ ಬರ್ತಿಲ್ಲ, ಗ್ಯಾಸ್ ಹೋಗಿದೆ' ಎಂದು ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಕೋಣೆ ತಣ್ಣಗಿದ್ದರೆ ಅಲ್ಲಿ ರಿಪೇರಿಗೆ ಏನೂ ಇಲ್ಲ. ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ಪೈಪ್ ಒಣಗಿದೆ ಎಂದರೆ ಮಾತ್ರ ಕೂಡಲೇ ಎಸಿಯ ಕೆಳಗಿನ ಗೋಡೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಪೈಪ್ ಕಟ್ಟಿಕೊಂಡಿದೆ, ಗೋಡೆ ಒಣಗಿದ್ದು ಕೋಣೆಯೂ ಬೆಚ್ಚಗಿದ್ದರೆ ಗ್ಯಾಸ್‌ನ ಮಾತು ಆಗ ಬರುತ್ತದೆ.